ಹಾಜರಿಯ ಚಾರ್ಟನ್ನು ಓದುವ ಬಗೆ
(ಪೋಷಕರ ಸಭೆಯೊಂದರಲ್ಲಿ ಶಾಲಾ ಪ್ರಾಂಶುಪಾಲರು ಮಾಡಿದ ಭಾಷಣ)

ಚೆನ್ನೈ ನಗರದ ಪುರಸೈವಾಕ್ಕಂ ಬಡಾವಣೆಯ ಶಾಲೆಯೊಂದರಲ್ಲಿ, ಎರಡನೆಯ ಅವಧಿಯ ಪರೀಕ್ಷೆಗಳು ಮುಗಿದ ಬಳಿಕ, ಎಂಟನೆಯ ತರಗತಿಯ ಕನ್ನಡ ಮನೆಮಾತಿನ ಮಕ್ಕಳ ಪೋಷಕರಿಗಾಗಿ ಒಂದು ಸಭೆಯನ್ನು ಕರೆಯಲಾಗಿತ್ತು. ಉದ್ಯೋಗ, ವ್ಯಾಪಾರಗಳ ನಿಮಿತ್ತ ಕರ್ನಾಟಕದಿಂದ ಬಂದು ನೆಲೆಸಿದ ಕುಟುಂಬಗಳವರು ಹಲವರಿದ್ದರು. ಕೆಲವರ ಜೊತೆಯಲ್ಲಿ ಅಜ್ಜ, ಅಜ್ಜಿಯರೂ ಬಂದಿದ್ದರು. ಗೋಡೆಯ ಮೇಲೆ ನಾಲ್ಕು ದೊಡ್ಡ ಚಾರ್ಟುಗಳನ್ನು ತೂಗುಹಾಕಲಾಗಿತ್ತು. ಪ್ರಾಂಶುಪಾಲರು ತಮ್ಮ ಭಾಷಣವನ್ನು ಒಂದು ಸ್ಪಷ್ಟೀಕರಣದೊಂದಿಗೆ ಪ್ರಾರಂಭಿಸಿದರು.

"ಈ ಚಾರ್ಟುಗಳಲ್ಲಿರುವ ಅಂಕಿಗಳು ನಮ್ಮ ಶಾಲೆಯ ಯಾವ ಮಗುವಿನವೂ ಅಲ್ಲ. ವಿವರಿಸುವುದಕ್ಕೆ ಅನುಕೂಲವಾಗಲೆಂದು ನಾವೇ ರಚಿಸಿಕೊಂಡವು. ಒಂದು ಮಗುವಿನ ಹಾಜರಿಯನ್ನಾಗಲಿ ಅಂಕಗಳನ್ನಾಗಲಿ ಇತರ ಪೋಷಕರ ಮುಂದೆ ತೂಗುಹಾಕುವುದು ಸರಿಯಲ್ಲ. ನಿಮ್ಮ ನಿಮ್ಮ ಮಕ್ಕಳ ಪಟ್ಟಿಯನ್ನು ಸಭೆಯ ಕೊನೆಯಲ್ಲಿ ಮುಚ್ಚಿದ ಲಕೋಟೆಯಲ್ಲಿ ಕೊಡುತ್ತೇವೆ. ಅದನ್ನು ಹೇಗೆ ಓದಬೇಕೆಂಬುದನ್ನು ಮಾತ್ರ ಈಗ ನೋಡೋಣ."

ಮೊದಲ ಚಾರ್ಟಿನಲ್ಲಿ ಒಂದೇ ಒಂದು ಸಂಖ್ಯೆಯಿತ್ತು: ಶೇಕಡ 88. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಪ್ರಾಂಶುಪಾಲರು ಸಭೆಯನ್ನು ಕೇಳಿದರು. ಮುಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು, ಅಂಕವಾದರೆ ಬಹಳ ಒಳ್ಳೆಯದೇ ಅಲ್ಲವೇ ಎಂದರು. ತೊಡಕಿರುವುದು ಅಲ್ಲಿಯೇ ಎಂದು ಪ್ರಾಂಶುಪಾಲರು ಹೇಳಿದರು. ನೂರಕ್ಕೆ ಎಂಬತ್ತೆಂಟು ಅಂಕ ಬಂದರೆ ನೆರೆಹೊರೆಯವರಿಗೆ ಸಿಹಿ ಹಂಚುವ ರೂಢಿ ನಮ್ಮದು. ಅದೇ ಕಣ್ಣಿನಿಂದ ಹಾಜರಿಯನ್ನು ನೋಡಿದಾಗ ಮೋಸಹೋಗುತ್ತೇವೆ. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕು ಕಾಯ್ದೆ, 2009ರ ಅನುಸೂಚಿಯ ಪ್ರಕಾರ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 220 ದಿನ ಶಾಲೆ ನಡೆಯಬೇಕು. ಇದರಲ್ಲಿ ಶೇಕಡ 88 ಹಾಜರಿಯೆಂದರೆ ಇಪ್ಪತ್ತಾರಕ್ಕೂ ಹೆಚ್ಚು ದಿನ ಗೈರುಹಾಜರಿ. ವಾರಕ್ಕೆ ಐದು ದಿನದ ಶಾಲೆಯಾದರೆ ಐದು ವಾರಕ್ಕೂ ಮಿಗಿಲಾದ ಪಾಠ ಆ ಮಗುವಿಗೆ ದೊರೆತಿಲ್ಲವೆಂದು ಅರ್ಥ. ಶಾಲೆಯ ದಿನಗಳಲ್ಲಿ ಹತ್ತನೆಯ ಒಂದು ಭಾಗವನ್ನು ಅಥವಾ ಅದಕ್ಕಿಂತ ಹೆಚ್ಚನ್ನು ಕಳೆದುಕೊಂಡ ಮಗುವನ್ನು 'ದೀರ್ಘ ಗೈರುಹಾಜರಿ'ಯ ಮಗುವೆಂದು ಅಮೆರಿಕದ ಶಾಲೆಗಳಲ್ಲಿ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ಆ ಅಳತೆಯಲ್ಲಿ ಶೇಕಡ 88 ಆಗಲೇ ಗೆರೆಯ ಕೆಳಗಿದೆ.

"ಹಾಜರಿಯನ್ನು ಶೇಕಡಾವಾರಿನಲ್ಲಿ ಓದಬೇಡಿ, ಬಾರದ ದಿನಗಳನ್ನು ಎಣಿಸಿ" ಎಂದು ಹೇಳಿ ಅವರು ಎರಡನೆಯ ಚಾರ್ಟಿನ ಕಡೆಗೆ ತಿರುಗಿದರು.

ಎರಡನೆಯದು ಒಂದು ಇಡೀ ತರಗತಿಯದು. ನಲವತ್ತು ಮಕ್ಕಳು, ನೂರು ದಿನದ ಶಾಲೆ, ತರಗತಿಯ ಸರಾಸರಿ ಹಾಜರಿ ಶೇಕಡ 93. ಈ ಸರಾಸರಿಯನ್ನು ನೋಡಿದರೆ ಎಲ್ಲ ಮಕ್ಕಳೂ ಆಗೊಮ್ಮೆ ಈಗೊಮ್ಮೆ ಒಂದು ದಿನ ತಪ್ಪಿಸಿಕೊಂಡಿದ್ದಾರೆಂಬ ಭಾವನೆ ಬರುತ್ತದೆ. ಒಟ್ಟು ಗೈರುಹಾಜರಿಯ ದಿನಗಳು 280. ನಲವತ್ತು ಮಂದಿಗೆ ಸಮನಾಗಿ ಹಂಚಿದರೆ ತಲೆಗೆ ಏಳು ದಿನ. ಜ್ವರ, ನೆಗಡಿ, ಮದುವೆ ಎಂದು ಒಪ್ಪಿಕೊಳ್ಳಬಹುದಾದ ಸಂಖ್ಯೆ. ಆದರೆ ಚಾರ್ಟಿನ ಕೆಳಭಾಗದಲ್ಲಿ ಮಕ್ಕಳ ಕಂಬಗಳನ್ನು ಒಂದೊಂದಾಗಿ ನಿಲ್ಲಿಸಿದಾಗ ಚಿತ್ರವೇ ಬೇರೆಯಾಗಿತ್ತು. ಮೂವತ್ತನಾಲ್ಕು ಮಕ್ಕಳು ತಲಾ ನಾಲ್ಕು ದಿನ ಮಾತ್ರ ಬಂದಿರಲಿಲ್ಲ. ಅದು 136 ದಿನವಾಯಿತು. ಉಳಿದ 144 ದಿನಗಳು ಕೇವಲ ಆರು ಮಕ್ಕಳವು, ತಲಾ ಇಪ್ಪತ್ತನಾಲ್ಕು ದಿನ. ಸರಾಸರಿಯ ಹಿಂದೆ ಈ ಆರು ಮಂದಿ ಮರೆಯಾಗಿಬಿಡುತ್ತಾರೆ. ಆದುದರಿಂದ 'ನಮ್ಮ ತರಗತಿಯ ಹಾಜರಿ ಚೆನ್ನಾಗಿದೆ' ಎಂದು ಶಿಕ್ಷಕರು ಹೇಳಿದಾಗ, ಅದರಲ್ಲಿ ನಮ್ಮ ಮಗು ಎಲ್ಲಿದೆಯೆಂದು ಪೋಷಕರು ಕೇಳಬೇಕೆಂದು ಪ್ರಾಂಶುಪಾಲರು ಸಲಹೆ ಮಾಡಿದರು. ಶಾಲೆಯವರೂ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳದೆ ವರ್ಷಗಳನ್ನು ಕಳೆಯುವುದುಂಟೆಂದು ಸೇರಿಸಲು ಅವರು ಮರೆಯಲಿಲ್ಲ.

ಇಲ್ಲಿ ಅವರು ಒಂದು ಎಚ್ಚರಿಕೆಯನ್ನೂ ನೀಡಿದರು. ಚೆನ್ನೈಗೆ ಮುಖ್ಯವಾದ ಮಳೆ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗೆ, ಈಶಾನ್ಯ ಮಾರುತದಿಂದ. ಆ ತಿಂಗಳುಗಳಲ್ಲಿ ಜಿಲ್ಲಾಧಿಕಾರಿಯವರು ಮಳೆಯ ರಜೆ ಘೋಷಿಸುವುದು ವಾಡಿಕೆ. 2015ರ ಮಹಾಪೂರದಲ್ಲಿಯೂ, 2016ರ ಡಿಸೆಂಬರಿನ ವರ್ಧಾ ಚಂಡಮಾರುತದಲ್ಲಿಯೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿಯೂ ನಗರದ ಶಾಲೆಗಳು ಮುಚ್ಚಿದ್ದುವು. ರಜೆಯ ದಿನವನ್ನು ಗೈರುಹಾಜರಿಯೆಂದು ಎಣಿಸುವುದಿಲ್ಲ. ಹೀಗಾಗಿ ಚಾರ್ಟಿನಲ್ಲಿ ನೂರಕ್ಕೆ ನೂರು ಇದ್ದರೂ ಪಾಠ ಮಾತ್ರ ನಡೆದಿರುವುದಿಲ್ಲ. ಅದೇ ರೀತಿ, ಹನ್ನೆರಡೇ ದಿನ ಶಾಲೆ ನಡೆದ ಒಂದು ತಿಂಗಳಲ್ಲಿ ಮಗು ಒಂದು ದಿನ ಬಾರದಿದ್ದರೆ ಹಾಜರಿ ಶೇಕಡ 92ಕ್ಕೆ ಇಳಿಯುತ್ತದೆ. ಇಪ್ಪತ್ತೆರಡು ದಿನ ನಡೆದ ಜುಲೈಯಲ್ಲಿ ಅದೇ ಒಂದು ದಿನ ಶೇಕಡ 95 ಎಂದು ಕಾಣುತ್ತದೆ. ಗೆರೆ ಬಾಗಿತೆಂದು ಗಾಬರಿಯಾಗುವ ಮುನ್ನ ಆ ತಿಂಗಳಲ್ಲಿ ಶಾಲೆ ಎಷ್ಟು ದಿನ ನಡೆಯಿತೆಂಬುದನ್ನು ನೋಡಬೇಕು.

ಮೂರನೆಯ ಚಾರ್ಟಿನ ಮುಂದೆ ಪ್ರಾಂಶುಪಾಲರು ಹೆಚ್ಚು ಹೊತ್ತು ನಿಂತರು. ಅದು ಕ್ಯಾಲೆಂಡರಿನಂತೆ ಚೌಕಚೌಕವಾಗಿ ಗೆರೆ ಎಳೆದ ಹಾಳೆ. ಒಂದು ಸಾಲಿಗೆ ಒಂದು ವಾರ, ಸೋಮವಾರದಿಂದ ಶುಕ್ರವಾರದವರೆಗೆ ಐದು ಚೌಕ, ಹೀಗೆ ಇಪ್ಪತ್ತು ಸಾಲು, ಒಟ್ಟು ನೂರು ಚೌಕ. ಬಾರದ ದಿನದ ಚೌಕಕ್ಕೆ ಕಪ್ಪು ಬಣ್ಣ. ಅಕ್ಕಪಕ್ಕದಲ್ಲಿ ಇಬ್ಬರು ಮಕ್ಕಳ ಹಾಳೆಗಳಿದ್ದುವು. ಇಬ್ಬರೂ ಹನ್ನೆರಡು ದಿನ ಬಂದಿರಲಿಲ್ಲ. ಇಬ್ಬರದೂ ಅದೇ ಶೇಕಡ 88.

ಮೊದಲ ಮಗುವಿನ ಹಾಳೆಯಲ್ಲಿ ಹನ್ನೆರಡು ಕಪ್ಪು ಚೌಕಗಳೂ ಆಗಸ್ಟಿನಲ್ಲಿ ಒಂದೇ ಕಡೆ ಗುಂಪಾಗಿದ್ದುವು. ಟೈಫಾಯಿಡ್ ಜ್ವರ ಬಂದ ಮಗು ಅದು. ಕಳೆದ ಪಾಠ ಯಾವುದೆಂಬುದು ಎಲ್ಲರಿಗೂ ಗೊತ್ತು. ಶಿಕ್ಷಕರು ನೆನಪಿಟ್ಟುಕೊಂಡು ಹೇಳಿಕೊಡುತ್ತಾರೆ, ಗೆಳೆಯರು ಟಿಪ್ಪಣಿ ಕೊಡುತ್ತಾರೆ, ಮನೆಯವರೂ ಆತಂಕದಿಂದ ವಿಚಾರಿಸುತ್ತಾರೆ. ಎರಡನೆಯ ಮಗುವಿನ ಹಾಳೆಯಲ್ಲಿ ಕಪ್ಪು ಚೌಕಗಳು ಚದುರಿದ್ದುವು. ಆದರೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಇಳಿದಾಗ ಏಳು ಚೌಕಗಳು ಸೋಮವಾರದ ಕಂಬದಲ್ಲಿಯೇ ಇದ್ದುವು. ಇನ್ನೆರಡು ಮಂಗಳವಾರ, ಮೂರು ದೀಪಾವಳಿಯ ಆಚೀಚೆ. ಹನ್ನೆರಡು ದಿನಗಳು ಐದು ವಾರಗಳಲ್ಲಿ ಸಮನಾಗಿ ಹರಡಿದ್ದರೆ ಸೋಮವಾರಕ್ಕೆ ಎರಡೋ ಮೂರೋ ಬರಬೇಕಾಗಿತ್ತು. ಇಪ್ಪತ್ತು ಸೋಮವಾರಗಳಲ್ಲಿ ಏಳು ಹೋದುವೆಂದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು.

"ಈ ಎರಡನೆಯ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ" ಎಂದು ಪ್ರಾಂಶುಪಾಲರು ಹೇಳಿದರು. "ಒಂದು ದಿನ ಬರಲಿಲ್ಲ, ಮರುದಿನ ಬಂದಿತು. ಕಾರಣ ಕೇಳುವಷ್ಟು ದೊಡ್ಡ ವಿಷಯವೆಂದು ಯಾರಿಗೂ ತೋರುವುದಿಲ್ಲ. ಆದರೆ ವೇಳಾಪಟ್ಟಿಯಲ್ಲಿ ಸೋಮವಾರದ ಮೊದಲ ಪಿರಿಯಡ್ ಗಣಿತವಾಗಿದ್ದು, ಶಿಕ್ಷಕರು ಹೊಸ ಲೆಕ್ಕದ ಕ್ರಮವನ್ನು ವಾರದ ಆರಂಭದಲ್ಲಿ ಹೇಳಿಕೊಟ್ಟು ಉಳಿದ ದಿನ ಅಭ್ಯಾಸ ಮಾಡಿಸುವವರಾಗಿದ್ದರೆ, ಈ ಮಗುವಿಗೆ ಸಿಕ್ಕುವುದು ಅಭ್ಯಾಸ ಮಾತ್ರ. ಕ್ರಮ ಸಿಕ್ಕುವುದಿಲ್ಲ."

ಸೋಮವಾರಗಳು ಏಕೆ ಹೋಗುತ್ತವೆ ಎಂಬುದನ್ನು ಅವರು ಸಭಿಕರ ಅನುಭವಕ್ಕೇ ಬಿಟ್ಟರು. ಊರಿನಲ್ಲಿ ಅಜ್ಜಿಗೆ ಹುಷಾರಿಲ್ಲ. ಶುಕ್ರವಾರ ರಾತ್ರಿ ಹೊರಟು ಭಾನುವಾರ ರಾತ್ರಿಯ ರೈಲು ಹತ್ತಿದರೆ ಸೋಮವಾರ ನಸುಕಿನಲ್ಲಿ ಸೆಂಟ್ರಲ್‌ನಲ್ಲಿ ಇಳಿಯಬಹುದು. ಮನೆ ಹತ್ತಿರವೇ. ಆದರೆ ನಿದ್ದೆಗೆಟ್ಟ ಮಗುವನ್ನು ಎಂಟು ಗಂಟೆಗೆ ಶಾಲೆಗೆ ಅಟ್ಟಲು ತಾಯಿಗೆ ಮನಸ್ಸು ಬಾರದು. ಇದರ ಜೊತೆಗೆ ಎರಡು ರಾಜ್ಯಗಳ ರಜೆಗಳಿಗೂ ಹೊಂದಾಣಿಕೆಯಿಲ್ಲ. ತಮಿಳುನಾಡಿನಲ್ಲಿ ದೀಪಾವಳಿಯೆಂದರೆ ಮುಖ್ಯವಾಗಿ ನರಕ ಚತುರ್ದಶಿಯ ಒಂದು ದಿನ. ಕನ್ನಡಿಗರ ಮನೆಯ ದೀಪಾವಳಿ ಬಲಿಪಾಡ್ಯಮಿಯವರೆಗೆ ನಡೆಯುತ್ತದೆ. ಇಲ್ಲಿ ವಿನಾಯಕ ಚತುರ್ಥಿಗೆ ರಜೆ. ಅದರ ಹಿಂದಿನ ದಿನದ ಗೌರಿ ಹಬ್ಬಕ್ಕೆ ರಜೆಯಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಬರುವ ಮನೆಯ ಮಗು ಯಾವ ತಪ್ಪೂ ಮಾಡದೆ ನಾಲ್ಕೈದು ದಿನ ಕಳೆದುಕೊಳ್ಳುತ್ತದೆ. ಹಬ್ಬವನ್ನು ಬಿಡಿರೆಂದು ತಾವು ಹೇಳುವುದಿಲ್ಲವೆಂದೂ, ಆ ದಿನಗಳನ್ನು ಮೊದಲೇ ಲೆಕ್ಕದಲ್ಲಿ ಹಿಡಿದಿಟ್ಟರೆ ಉಳಿದ ದಿನಗಳನ್ನು ಬಿಗಿಯಾಗಿ ಕಾಯಬಹುದೆಂದೂ ಪ್ರಾಂಶುಪಾಲರು ತಿಳಿಸಿದರು.

ಅರ್ಧ ದಿನದ ವಿಷಯವನ್ನು ಅವರು ಚಿಕ್ಕದಾಗಿ ಪ್ರಸ್ತಾಪಿಸಿದರು. ಹಾಜರಿಯನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತೆಗೆದುಕೊಳ್ಳುವ ಶಾಲೆಯಲ್ಲಿ ಹತ್ತು ಮಧ್ಯಾಹ್ನ ಬೇಗ ಮನೆಗೆ ಹೋದ ಮಗುವಿನ ಲೆಕ್ಕದಲ್ಲಿ ಐದು ದಿನ ಮಾತ್ರ ಕಳೆಯುತ್ತದೆ. ವಿಜ್ಞಾನದ ಪಾಠ ಮಧ್ಯಾಹ್ನವೇ ಇದ್ದರೆ ಕಳೆದುಹೋದುದು ಹತ್ತು ಪಾಠ. ತಡವಾಗಿ ಬಂದುದಂತೂ ಚಾರ್ಟಿನಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ನಾಲ್ಕನೆಯದು ಅದೇ ಸೋಮವಾರದ ಮಗುವಿನ ಅಂಕಗಳ ಚಾರ್ಟು. ಮೊದಲ ಅವಧಿಯಲ್ಲಿ ಗಣಿತಕ್ಕೆ ನೂರಕ್ಕೆ 62, ಎರಡನೆಯ ಅವಧಿಯಲ್ಲಿ 41. ಇತರ ವಿಷಯಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಇಪ್ಪತ್ತೊಂದು ಅಂಕ ಇಳಿದುದನ್ನು ಕಂಡು ಕೋಪಿಸಿಕೊಳ್ಳದ ತಂದೆ ವಿರಳ. ಪ್ರಾಂಶುಪಾಲರು ಆ ಚಾರ್ಟಿನ ಮೇಲೆ ಇನ್ನೊಂದು ಗೆರೆಯನ್ನು ತೋರಿಸಿದರು: ತರಗತಿಯ ಸರಾಸರಿ. ಅದೂ 58ರಿಂದ 50ಕ್ಕೆ ಇಳಿದಿತ್ತು. ಎರಡನೆಯ ಪ್ರಶ್ನೆಪತ್ರಿಕೆ ಸ್ವಲ್ಪ ಕಠಿಣವಾಗಿತ್ತೆಂದು ಇದರಿಂದ ಊಹಿಸಬಹುದು. ಇಳಿದ ಇಪ್ಪತ್ತೊಂದರಲ್ಲಿ ಸುಮಾರು ಎಂಟು ಅಂಕ ಎಲ್ಲರ ಜೊತೆಯಲ್ಲಿ ಹೋದುದು. ಮಗುವಿನದೇ ಆದ ನಷ್ಟ ಹದಿಮೂರರ ಆಸುಪಾಸಿನದು. ಎರಡು ಪರೀಕ್ಷೆಗಳು ಒಂದೇ ಅಳತೆಗೋಲಲ್ಲವಾದುದರಿಂದ ಇದು ಅಂದಾಜು ಮಾತ್ರ ಎಂದೂ, ಎರಡು ಮೂರು ಅಂಕಗಳ ಏರಿಳಿತಕ್ಕೆ ಅರ್ಥ ಹಚ್ಚಬಾರದೆಂದೂ ಅವರು ಎಚ್ಚರಿಸಿದರು.

ಆ ಹದಿಮೂರು ಅಂಕಗಳು ಎಲ್ಲಿ ಹೋದುವು? ಇದಕ್ಕೆ ಚಾರ್ಟಿನಲ್ಲಿ ಉತ್ತರವಿಲ್ಲ. ಉತ್ತರಪತ್ರಿಕೆಯನ್ನೇ ಬಿಡಿಸಿ ನೋಡಬೇಕು. ಪ್ರಶ್ನೆಗಳನ್ನು ಅಧ್ಯಾಯಗಳಿಗೆ ಅನುಸಾರವಾಗಿ ವಿಂಗಡಿಸಿದಾಗ ಬೀಜಗಣಿತದ ಪ್ರಶ್ನೆಗಳು ಒಟ್ಟು 30 ಅಂಕದವು. ಅವುಗಳಲ್ಲಿ ಮಗುವಿಗೆ ಬಂದುದು ಐದೇ. ಉಳಿದ 70 ಅಂಕದ ಪ್ರಶ್ನೆಗಳಲ್ಲಿ 36 ಬಂದಿತ್ತು, ಎಂದರೆ ನೂರಕ್ಕೆ ಐವತ್ತೊಂದರಂತೆ. ಮೊದಲ ಅವಧಿಯ 62ರಲ್ಲಿ ಎಲ್ಲರಿಗೂ ಹೋದ ಎಂಟನ್ನು ಕಳೆದರೆ 54 ಆಗುತ್ತದೆ. ಐವತ್ತೊಂದು ಅದಕ್ಕೆ ಬಹಳ ದೂರವಿಲ್ಲ. ಮಗು ಗಣಿತದಲ್ಲಿ ಹಿಂದೆ ಬಿದ್ದಿದೆ ಎನ್ನುವುದಕ್ಕಿಂತ, ಅಪವರ್ತನಗಳನ್ನು ಕಂಡುಹಿಡಿಯುವ ಕ್ರಮ ಅದಕ್ಕೆ ಗೊತ್ತಿಲ್ಲ ಎನ್ನುವುದೇ ಸರಿ. ಆ ಪಾಠಗಳು ಅಕ್ಟೋಬರ್, ನವೆಂಬರ್ ತಿಂಗಳುಗಳ ಸೋಮವಾರಗಳಲ್ಲಿ ನಡೆದಿದ್ದುವು. ಚೌಕದ ಹಾಳೆಯನ್ನು ಪಕ್ಕದಲ್ಲಿಟ್ಟರೆ ಕಪ್ಪು ಚೌಕಗಳಲ್ಲಿ ಆರು ಅದೇ ತಿಂಗಳುಗಳವು.

"ಇಡೀ ಗಣಿತಕ್ಕೆ ಟ್ಯೂಷನ್ ಹಾಕುವುದರಿಂದ ಈ ಮಗುವಿಗೆ ಹೆಚ್ಚಿನ ಪ್ರಯೋಜನವಿಲ್ಲ. ಆರು ಪಾಠಗಳನ್ನು ಕ್ರಮವಾಗಿ ಹೇಳಿಕೊಟ್ಟರೆ ಸಾಕು. ಆದರೆ ಈಗಲೇ ಆಗಬೇಕು" ಎಂದು ಅವರು ಒತ್ತಿ ಹೇಳಿದರು. "ಒಂಬತ್ತನೆಯ ತರಗತಿಯ ಬೀಜಗಣಿತ ಇದರ ಮೇಲೆಯೇ ನಿಲ್ಲುತ್ತದೆ. ಅಲ್ಲಿ ಶಿಕ್ಷಕರು ಹಿಂದಕ್ಕೆ ಹೋಗಿ ಇದನ್ನು ಹೇಳಿಕೊಡುವುದಿಲ್ಲ."

2007ರಲ್ಲಿ ಷಿಕಾಗೊ ವಿಶ್ವವಿದ್ಯಾನಿಲಯದ ಸಂಶೋಧಕರು ಆ ನಗರದ ಶಾಲೆಗಳ ಒಂಬತ್ತನೆಯ ತರಗತಿಯ ಮಕ್ಕಳ ಬಗ್ಗೆ ನಡೆಸಿದ ಅಧ್ಯಯನವನ್ನು ಪ್ರಾಂಶುಪಾಲರು ಇಲ್ಲಿ ಉಲ್ಲೇಖಿಸಿದರು. ಮಗು ಮುಂದೆ ಶಾಲೆಯನ್ನು ಪೂರೈಸುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಹಿಂದಿನ ವರ್ಷದ ಪರೀಕ್ಷೆಯ ಅಂಕಗಳಿಗಿಂತ ಒಂಬತ್ತನೆಯ ತರಗತಿಯ ಹಾಜರಿಯೇ ಉತ್ತಮ ಸೂಚಕವೆಂದು ಅಲ್ಲಿ ಕಂಡುಬಂದಿತು. ಷಿಕಾಗೊದ ಲೆಕ್ಕವನ್ನು ಚೆನ್ನೈಗೆ ಹಾಗೆಯೇ ಅನ್ವಯಿಸಲಾಗದಾದರೂ, ಚೌಕದ ಹಾಳೆಯನ್ನು ಅಂಕಪಟ್ಟಿಗಿಂತ ಮೊದಲು ನೋಡುವುದಕ್ಕೆ ಇದು ಸಾಕಷ್ಟು ಕಾರಣ ಎಂದರು.

ಈ ಹಂತದಲ್ಲಿ ತಾಯಿಯೊಬ್ಬರು ಎದ್ದು ನಿಂತು ಪ್ರಶ್ನಿಸಿದರು. "ಮೇಡಂ, ನನ್ನ ಮಗನೂ ಸೋಮವಾರ ಹೊಟ್ಟೆನೋವು ಅಂತ ಮಲಗಿಬಿಡುತ್ತಾನೆ. ನಾವು ಊರಿಗೆ ಹೋಗುವುದೇ ಇಲ್ಲ. ಹಾಗಾದರೆ?"

ಪ್ರಾಂಶುಪಾಲರು ಇದನ್ನು ಬಹಳ ಮುಖ್ಯವಾದ ಪ್ರಶ್ನೆಯೆಂದು ಪರಿಗಣಿಸಿ ವಿವರವಾಗಿಯೇ ಉತ್ತರಿಸಿದರು. ಹಾಜರಿ ತಪ್ಪಿದುದರಿಂದ ಅಂಕ ಇಳಿಯುವುದು ಒಂದು ಬಗೆ. ಪಾಠ ಅರ್ಥವಾಗದೆ ಅಂಕ ಇಳಿದು, ಆ ಭಯದಿಂದ ಮಗು ಶಾಲೆಯನ್ನು ತಪ್ಪಿಸಿಕೊಳ್ಳುವುದು ಇನ್ನೊಂದು ಬಗೆ. ಎರಡರಲ್ಲಿಯೂ ಚಾರ್ಟುಗಳು ಮೇಲುನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಭೇದವನ್ನು ತಿಳಿಯಬೇಕಾದರೆ ಯಾವುದು ಮೊದಲು ಬದಲಾಯಿತೆಂದು ದಿನಾಂಕಗಳನ್ನು ಹಿಡಿದು ನೋಡಬೇಕು. ಮೊದಲ ಅವಧಿಯಲ್ಲಿಯೇ ಅಂಕ ಕಡಿಮೆಯಿದ್ದು, ಕಪ್ಪು ಚೌಕಗಳು ಆ ಫಲಿತಾಂಶದ ನಂತರ ಹೆಚ್ಚಿದ್ದರೆ ಅದು ಎರಡನೆಯ ಬಗೆ. ಸೋಮವಾರ ವಾರದ ಕಿರುಪರೀಕ್ಷೆ ಇದೆಯೇ ಎಂದು ವೇಳಾಪಟ್ಟಿಯಲ್ಲಿ ನೋಡಬೇಕು. ಶಾಲೆಯ ಗಂಟೆ ಬಾರಿಸಿದ ಮೇಲೆ ಹೊಟ್ಟೆನೋವು ತಾನಾಗಿಯೇ ಇಳಿಯುತ್ತದೆಯೇ, ರಜೆಯ ಸೋಮವಾರಗಳಲ್ಲಿಯೂ ಬರುತ್ತದೆಯೇ ಎಂಬುದನ್ನು ಗಮನಿಸಬೇಕು. ರಜೆಯ ದಿನವೂ ಬರುವ ನೋವಿಗೆ ವೈದ್ಯರೇ ಬೇಕು. ಅದನ್ನು ನೆಪವೆಂದು ತಳ್ಳಿಹಾಕಬಾರದು. ರಜೆಯ ದಿನ ಬಾರದ ನೋವಾದರೆ ಮಗುವನ್ನು ಗದರಿಸಿ ಶಾಲೆಗೆ ಎಳೆದು ತರುವುದರಿಂದ ಹಾಜರಿಯ ಗೆರೆ ಏರುತ್ತದೆ, ಅಂಕದ ಗೆರೆ ಏರುವುದಿಲ್ಲ. ಆ ಕಿರುಪರೀಕ್ಷೆಯಲ್ಲಿ ಅಥವಾ ಆ ತರಗತಿಯಲ್ಲಿ ಮಗುವಿಗೆ ಏನಾಗುತ್ತಿದೆಯೆಂದು ಮೊದಲು ಕೇಳಿ ತಿಳಿಯಬೇಕು.

"ಸಹಪಾಠಿಗಳು ಪೀಡಿಸುತ್ತಿರಬಹುದು, ಶಿಕ್ಷಕರೇ ಎಲ್ಲರೆದುರು ನೋಯಿಸಿರಬಹುದು. ಅದನ್ನು ನನ್ನ ಹತ್ತಿರ ಬಂದು ಹೇಳಲು ಸಂಕೋಚಪಡಬೇಡಿ, ಅಮ್ಮಾ" ಎಂದು ಅವರು ಆ ತಾಯಿಗೆ ಹೇಳಿದರು. ಸಭೆಯಲ್ಲಿದ್ದ ಇಬ್ಬರು ಶಿಕ್ಷಕರು ಕ್ಷಣಕಾಲ ಕೆಳಗೆ ನೋಡಿದರು.

ಹಿಂದಿನ ಸಾಲಿನಿಂದ ಮತ್ತೊಬ್ಬರು, ತಮ್ಮ ಮಗಳು ಒಂದು ದಿನವೂ ತಪ್ಪಿಸದೆ ಬರುತ್ತಿದ್ದರೂ ಎಲ್ಲ ವಿಷಯಗಳಲ್ಲಿಯೂ ಅಂಕ ಇಳಿಯುತ್ತಿದೆಯಲ್ಲ ಎಂದರು. ಹಾಜರಿ ಪುಸ್ತಕಕ್ಕೆ ತಿಳಿಯುವುದು ಮಗು ಬೆಂಚಿನ ಮೇಲೆ ಕುಳಿತಿತ್ತೆಂಬುದು ಮಾತ್ರ ಎಂದು ಪ್ರಾಂಶುಪಾಲರು ಒಪ್ಪಿಕೊಂಡರು. ಅಂಕಗಳು ಒಂದು ವಿಷಯದಲ್ಲಿ ಇಳಿದರೆ ಆ ಪಾಠದಲ್ಲಿ ಕಾರಣ ಹುಡುಕಬೇಕು. ಎಲ್ಲದರಲ್ಲಿಯೂ ಒಟ್ಟಿಗೆ ಇಳಿದರೆ ಮೊದಲು ಮಗುವಿನ ಕಣ್ಣು, ಕಿವಿ, ನಿದ್ರೆಗಳನ್ನು ವಿಚಾರಿಸಬೇಕು. ಕಪ್ಪುಹಲಗೆಯ ಬರಹ ಕಾಣದ ಮಗು ಅದನ್ನು ತಾನಾಗಿ ಹೇಳುವುದು ಅಪರೂಪ, ಏಕೆಂದರೆ ಎಲ್ಲರಿಗೂ ಹಾಗೆಯೇ ಕಾಣುತ್ತದೆಯೆಂದು ಅದು ತಿಳಿದಿರುತ್ತದೆ. ಮಗಳು ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾಳೆಯೇ ಎಂದು ವಿಚಾರಿಸಿ, ಕಣ್ಣಿನ ತಪಾಸಣೆ ಮಾಡಿಸುವಂತೆ ಅವರಿಗೆ ಸೂಚಿಸಿದರು.

ಬಳಿಕ ಲಕೋಟೆಗಳನ್ನು ಹಂಚಲಾಯಿತು. ಪ್ರತಿಯೊಂದರಲ್ಲಿಯೂ ಮಗುವಿನ ಎರಡು ಅವಧಿಗಳ ಅಂಕಪಟ್ಟಿ, ಗೈರುಹಾಜರಿಯ ದಿನಾಂಕಗಳು, ತರಗತಿಯ ವೇಳಾಪಟ್ಟಿ ಮತ್ತು ಖಾಲಿ ಚೌಕಗಳ ಒಂದು ಹಾಳೆ ಇದ್ದುವು. ದಿನಾಂಕಗಳನ್ನು ನೋಡಿ ಚೌಕಗಳಿಗೆ ಬಣ್ಣ ತುಂಬುವ ಕೆಲಸವನ್ನು ಪೋಷಕರು ಮಗುವಿನೊಂದಿಗೆ ಕುಳಿತು ಮನೆಯಲ್ಲಿ ಮಾಡಬೇಕು. ಒಂದೇ ವಾರದ ಕಂಬದಲ್ಲಿ ನಾಲ್ಕಕ್ಕಿಂತ ಹೆಚ್ಚು ಕಪ್ಪು ಚೌಕಗಳು ಕಂಡುಬಂದರೆ, ಆ ದಿನದ ವೇಳಾಪಟ್ಟಿಯಲ್ಲಿರುವ ವಿಷಯಗಳ ಉತ್ತರಪತ್ರಿಕೆಗಳನ್ನು ನೋಡಲು ಶಾಲೆಗೆ ಬರಬೇಕು. ಪೊಂಗಲ್ ರಜೆ ಮುಗಿದ ಮೊದಲ ವಾರದಲ್ಲಿ ಶಿಕ್ಷಕರು ಪ್ರತಿದಿನ ಸಂಜೆ ಅರ್ಧ ಗಂಟೆ ಇದಕ್ಕಾಗಿಯೇ ಲಭ್ಯರಿರುತ್ತಾರೆಂದು ಪ್ರಾಂಶುಪಾಲರು ಪ್ರಕಟಿಸಿದರು.

ಹೊರಡುವ ವೇಳೆಗೆ ಅಜ್ಜನವರೊಬ್ಬರು ಮುಂದೆ ಬಂದು, ಫೆಬ್ರವರಿಯಲ್ಲಿ ಊರಿನಲ್ಲಿ ತಮ್ಮ ಪತ್ನಿಯ ವರ್ಷಾಬ್ದಿಕವಿದೆ, ಅದು ಸೋಮವಾರವೇ ಬಂದಿದೆ, ಮೊಮ್ಮಗನನ್ನು ಬಿಟ್ಟು ಹೋಗುವುದು ಹೇಗೆ ಎಂದು ಕೇಳಿದರು.

"ಕರೆದುಕೊಂಡು ಹೋಗಿ, ಅಜ್ಜನವರೇ. ಅಜ್ಜಿಯ ಕಾರ್ಯಕ್ಕೆ ಮೊಮ್ಮಗ ಇರಲೇಬೇಕು" ಎಂದರು ಪ್ರಾಂಶುಪಾಲರು. "ಈಗಲೇ ಆ ತಾರೀಖಿನ ಚೌಕಕ್ಕೆ ಒಂದು ಗುರುತು ಹಾಕಿ. ಅಂದು ಯಾವ ಪಾಠ ನಡೆಯುತ್ತದೆಂದು ಗಣಿತದ ಮೇಷ್ಟ್ರನ್ನು ಕೇಳಿ ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಬುಧವಾರ ಸಂಜೆ ಹುಡುಗ ಅವರ ಹತ್ತಿರ ಕುಳಿತು ಆ ಪಾಠ ಮುಗಿಸಿಕೊಳ್ಳಲಿ."

ಅಜ್ಜನವರು ಜೇಬಿನಿಂದ ಪೆನ್ನು ತೆಗೆದು, ತಾರೀಖನ್ನು ಮೊಮ್ಮಗನಿಂದಲೇ ಹುಡುಕಿಸಿ, ಆ ಚೌಕಕ್ಕೆ ಗುರುತು ಹಾಕಿಸಿದರು. ಗಣಿತದ ಶಿಕ್ಷಕರು ತಮ್ಮ ಪಾಠಯೋಜನೆಯ ಪುಸ್ತಕವನ್ನು ತೆರೆದು ಆ ವಾರದ ಪುಟವನ್ನು ಹುಡುಕತೊಡಗಿದರು.